ತೋಟದಲ್ಲಿ ನಿಂತು ಫೋನ್ ನೋಡಿದರೆ ವಿಡಿಯೊ ಮೇಲಿನ ಅಕ್ಷರ ಕಾಣುವುದಿಲ್ಲ. ಸೈಜು ಎಷ್ಟಿಡಬೇಕು?

ಘಟ್ಟದ_ಮೇಲಿನವ · ಭಾನುವಾರ, ಸಂಜೆ 7:40

ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಕ್ರಮದ ಮೇಲೆ ನಾಲ್ಕು ನಿಮಿಷದ ವಿಡಿಯೊ ಮಾಡಿದೆ. ಶೇಕಡಾ 1ರ ದ್ರಾವಣ. ಅಂದರೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ಒಟ್ಟು ನೀರು 100 ಲೀಟರ್. ಅಳತೆಗಳನ್ನೆಲ್ಲ ವಿಡಿಯೊ ಮೇಲೆಯೇ ಬರೆದಿದ್ದೇನೆ.

24 ಇಂಚಿನ ಮಾನಿಟರ್‌ನಲ್ಲಿ ಎಡಿಟ್ ಮಾಡುವಾಗ ಚೆಂದ ಕಾಣುತ್ತಿತ್ತು. ಚಿಕ್ಕಪ್ಪ ತೋಟದಲ್ಲಿ ನಿಂತು ತಮ್ಮ ಫೋನಿನಲ್ಲಿ ನೋಡಿದರು. "ಏನೋ ಬರೆದಿದ್ದೀಯ, ಇರುವೆ ಸಾಲು ಹೋದ ಹಾಗೆ ಕಾಣುತ್ತದೆ" ಅಂದರು. ಸುಣ್ಣ ಎಷ್ಟು ಅಂತ ಆಮೇಲೆ ನನಗೇ ಫೋನ್ ಮಾಡಿ ಕೇಳಿದರು.

ನಾನು ಇಟ್ಟಿದ್ದು ಇಷ್ಟು. ವಿಡಿಯೊ ಅಡ್ಡ, 1920x1080. ಫಾಂಟ್ ನೋಟೋ ಸಾನ್ಸ್ ಕನ್ನಡ ಲೈಟ್, ಸೈಜು 48. ಬಿಳಿ ಅಕ್ಷರ, ಸುತ್ತ ಕಪ್ಪು ಗೆರೆ, ಕೆಳಗೆ ಮಧ್ಯದಲ್ಲಿ. ಒಂದು ಸಾಲು ಹೀಗಿದೆ: "1 ಕೆಜಿ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿಕೊಳ್ಳಬೇಕಾಗುತ್ತದೆ".

ಇದನ್ನೇ ಒಂದು ನಿಮಿಷಕ್ಕೆ ಕತ್ತರಿಸಿ, ಫೋನ್ ನೇರ ಹಿಡಿದು ನೋಡುವ ಉದ್ದದ ವಿಡಿಯೊ ಕೂಡ ಹಾಕಿದೆ. ಅದರಲ್ಲಿ ಕೆಳಗಿನ ಸಾಲು ನನ್ನ ಚಾನೆಲ್ ಹೆಸರಿನ ಅಡಿಗೆ ಹೋಗಿ ಕೂತಿದೆ. ಒಂದು ಅಕ್ಷರವೂ ಓದಲು ಬರುವುದಿಲ್ಲ.

ಸೈಜು ಎಷ್ಟಿಟ್ಟರೆ ಸರಿ? ಅಂಚಿನಿಂದ ಎಷ್ಟು ಜಾಗ ಬಿಡಬೇಕು?

ಮೊಬೈಲ್_ಮಂಜ · 7:58

ಬಹಳ ಸುಲಭ ಸಾರ್. ಚಿಕ್ಕಪ್ಪನ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಡಿಸ್‌ಪ್ಲೇ ಒಳಗೆ ಫಾಂಟ್ ಸೈಜ್ ಇರುತ್ತದೆ. ಅದನ್ನು ಕೊನೆಯವರೆಗೆ ಎಳೆಯಿರಿ. ನಮ್ಮ ಅಂಗಡಿಗೆ ಬರುವ ವಯಸ್ಸಾದವರಿಗೆಲ್ಲ ಇದನ್ನೇ ಮಾಡಿಕೊಡುತ್ತೇನೆ. ಯಾರೂ ವಾಪಸ್ ಬಂದಿಲ್ಲ.

ಘಟ್ಟದ_ಮೇಲಿನವ · 8:05

ಮಂಜಣ್ಣ, ಅದನ್ನು ಆಗಲೇ ದೊಡ್ಡದು ಮಾಡಿಟ್ಟಿದ್ದಾರೆ. ನಾನು ಕೇಳುತ್ತಿರುವುದು ವಿಡಿಯೊ ಒಳಗೇ ಬರೆದ ಅಕ್ಷರ. ಅದು ಚಿತ್ರದ ಭಾಗ ಆಗಿಬಿಟ್ಟಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಏನು ಮಾಡಿದರೂ ಅದು ಬೆಳೆಯುವುದಿಲ್ಲ, ಅಲ್ವಾ?

ಹಳೇ_ಎಡಿಟರ್ · 8:31

48 ಏನೂ ಚಿಕ್ಕದಲ್ಲ. ನಾನು ಟಿವಿಯಲ್ಲಿ ವರ್ಷಗಟ್ಟಲೆ ಸುದ್ದಿಯ ಕೆಳಪಟ್ಟಿ ಮಾಡಿದವನು. 1080ಕ್ಕೆ 48 ಅಂದರೆ ಒಳ್ಳೆ ಸೈಜು. ನಿಮ್ಮ ತಪ್ಪು ಲೈಟ್ ಫಾಂಟ್. ಬೋಲ್ಡ್ ಹಾಕಿ.

ಅಂಚಿನ ವಿಷಯಕ್ಕೆ ಬಂದರೆ, ಟೈಟಲ್ ಸೇಫ್ ಅಂತ ಒಂದು ಚೌಕಟ್ಟು ಎಲ್ಲ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೂ ಇದೆ. ನಾಲ್ಕೂ ಕಡೆ ಶೇಕಡಾ 10 ಬಿಡಿ. ಮುಗಿಯಿತು. ಇದು ಪರೀಕ್ಷೆ ಮಾಡಿ ಗಟ್ಟಿಯಾದ ಲೆಕ್ಕ.

ಗ್ರಾಫಿಕ್ಸ್_ಗೌರಿ · 9:12

ಲೈಟ್ ಫಾಂಟ್ ತಪ್ಪು ಅನ್ನುವುದು ನಿಜ. ಉಳಿದದ್ದು ಟಿವಿಗೆ ಸರಿ, ಫೋನಿಗೆ ಅಲ್ಲ.

ಘಟ್ಟದವರೇ, ಒಂದು ಕೆಲಸ ಮಾಡಿ. ಮಕ್ಕಳ ಜಾಮಿಟ್ರಿ ಬಾಕ್ಸ್‌ನಿಂದ ಒಂದು ಸ್ಕೇಲ್ ತಗೊಳ್ಳಿ. ಚಿಕ್ಕಪ್ಪನ ಫೋನಿನ ಪರದೆಯ ಅಗಲ ಎಷ್ಟು ಮಿಲಿಮೀಟರ್ ಅಂತ ಅಳೆಯಿರಿ. ಮೂಲೆಯಿಂದ ಮೂಲೆಗೆ ಅಲ್ಲ, ಎಡದಿಂದ ಬಲಕ್ಕೆ. ಜೊತೆಗೆ, ಅವರು ಫೋನ್ ಅಡ್ಡ ತಿರುಗಿಸಿ ನೋಡುತ್ತಾರಾ, ನೇರ ಹಿಡಿದೇ ನೋಡುತ್ತಾರಾ ಹೇಳಿ.

ಘಟ್ಟದ_ಮೇಲಿನವ · 9:26

ಅಳೆದೆ. 68 ಮಿಮೀ. 6.5 ಇಂಚಿನ ಫೋನ್. ನೇರ ಹಿಡಿದೇ ನೋಡುತ್ತಾರೆ. ತಿರುಗಿಸಿ ಅಂದರೆ "ಅದೆಲ್ಲ ಯಾರಿಗೆ ಬೇಕು" ಅನ್ನುತ್ತಾರೆ. ಒಂದು ಕೈಯಲ್ಲಿ ಕೋಲು ಬೇರೆ ಇರುತ್ತದೆ.

ಗ್ರಾಫಿಕ್ಸ್_ಗೌರಿ · 9:55

ಅಲ್ಲೇ ಇದೆ ನೋಡಿ ಕಾರಣ. ನಿಮ್ಮ ವಿಡಿಯೊದ 1920 ಪಿಕ್ಸೆಲ್ ಅಗಲ ಈಗ 68 ಮಿಮೀ ಒಳಗೆ ಕೂರಬೇಕು. ಅಂದರೆ ಸುಮಾರು 28 ಪಿಕ್ಸೆಲ್‌ಗೆ 1 ಮಿಮೀ. 48 ಸೈಜು ಅಂದರೆ 1.7 ಮಿಮೀ.

ಆದರೆ ಆ 48 ಅಕ್ಷರದ ಎತ್ತರ ಅಲ್ಲ. ಫಾಂಟ್ ಸೈಜು ಅಂದರೆ ಅಕ್ಷರ ಕೂರುವ ಇಡೀ ಮನೆ. ಒಳಗಿರುವ "ಸ" ಅಥವಾ "ಕ" ಅದರ ಅರ್ಧ, ಕೆಲವು ಫಾಂಟ್‌ನಲ್ಲಿ ಸ್ವಲ್ಪ ಜಾಸ್ತಿ. ಹಾಗಾಗಿ ಚಿಕ್ಕಪ್ಪನ ಕಣ್ಣಿಗೆ ಬಿದ್ದ ಅಕ್ಷರ ಸುಮಾರು 1 ಮಿಮೀ. ಒತ್ತಕ್ಷರ ಅದರಲ್ಲೂ ಅರ್ಧ. ಇರುವೆ ಸಾಲು ಅಂದದ್ದು ಅಳತೆ ಹಿಡಿದು ಹೇಳಿದ ಹಾಗಿದೆ.

ನಾನು ಇಟ್ಟುಕೊಂಡಿರುವ ಗುರಿ ಹೀಗೆ. ಮೂಲ ಅಕ್ಷರ, ಒತ್ತು ಗುಣಿತ ಬಿಟ್ಟು, ಫೋನಿನ ಮೇಲೆ 2 ಮಿಮೀಗಿಂತ ಕಡಿಮೆ ಇರಬಾರದು. ಫೋನನ್ನು ನಾವು 35 ಸೆಂಟಿಮೀಟರ್ ಆಚೀಚೆ ಹಿಡಿಯುತ್ತೇವೆ. ಆ ದೂರದಲ್ಲಿ 2 ಮಿಮೀ ಆರಾಮಾಗಿ ಓದಬಹುದು. 1 ಮಿಮೀ ಕೂಡ ಒಳ್ಳೆ ಕಣ್ಣಿಗೆ ಕಾಣುತ್ತದೆ, ಆದರೆ ಅದು ಕಣ್ಣಿನ ಡಾಕ್ಟರ ಬೋರ್ಡಿನ ಕೆಳಗಿನ ಸಾಲುಗಳನ್ನು ಓದಿದ ಹಾಗೆ. ನಲವತ್ತು ದಾಟಿ ಚಾಳೀಸು ಬಂದವರು ಫೋನನ್ನು ಇನ್ನೂ ದೂರ ಹಿಡಿಯುತ್ತಾರೆ. ಆಗ ಅಕ್ಷರ ಮತ್ತಷ್ಟು ಚಿಕ್ಕದಾಗುತ್ತದೆ.

ಈಗ ತಿರುಗಿಸಿ ಲೆಕ್ಕ ಹಾಕಿ. ಅಡ್ಡ ವಿಡಿಯೊದಲ್ಲಿ 2 ಮಿಮೀ ಬೇಕಾದರೆ ಅಕ್ಷರವೇ 56 ಪಿಕ್ಸೆಲ್ ಎತ್ತರ ಇರಬೇಕು. ಫಾಂಟ್ ಸೈಜು 100 ದಾಟುತ್ತದೆ. ಉದ್ದದ ವಿಡಿಯೊದಲ್ಲಿ 1080 ಪಿಕ್ಸೆಲ್ ಅದೇ 68 ಮಿಮೀಗೆ ಹರಡುತ್ತದೆ. 16 ಪಿಕ್ಸೆಲ್‌ಗೆ 1 ಮಿಮೀ. ಅಲ್ಲಿ 60-64 ಸೈಜು ಕನಿಷ್ಠ. ನಾನು 80 ಇಡುತ್ತೇನೆ. ಗೊಬ್ಬರ, ಔಷಧದ ಅಳತೆ ಇದ್ದರೆ 110.

ಹಳೇ_ಎಡಿಟರ್ · 10:20

ಅಡ್ಡ ವಿಡಿಯೊದಲ್ಲಿ 100 ಸೈಜಾ? ಅರ್ಧ ಪರದೆ ಅಕ್ಷರವೇ ಆಗುತ್ತದೆ. ಅದು ವಿಡಿಯೊನಾ, ಬಸ್ ಸ್ಟ್ಯಾಂಡ್ ಬೋರ್ಡಾ?

ಗ್ರಾಫಿಕ್ಸ್_ಗೌರಿ · 10:34

ಒಪ್ಪಿದೆ, ಮಾನಿಟರ್‌ನಲ್ಲಿ ಅಸಹ್ಯವಾಗಿ ಕಾಣುತ್ತದೆ. ಅದಕ್ಕೇ ಮಾನಿಟರ್ ನೋಡಿ ಸೈಜು ನಿರ್ಧಾರ ಮಾಡಬೇಡಿ ಅನ್ನುವುದು. ಸೈಜು ಇಳಿಸುವ ಬದಲು ಮಾತು ಇಳಿಸಿ. "ಕರಗಿಸಿಕೊಳ್ಳಬೇಕಾಗುತ್ತದೆ" ಅನ್ನುವ ಒಂದೇ ಪದಕ್ಕೆ 11 ಅಕ್ಷರ. 80 ಸೈಜಿನಲ್ಲಿ ಉದ್ದದ ವಿಡಿಯೊದ ಒಂದು ಸಾಲನ್ನು ಅದೊಂದೇ ತಿಂದುಬಿಡುತ್ತದೆ. ಕರಗಿಸುವುದು ದೃಶ್ಯದಲ್ಲೇ ಕಾಣುತ್ತಿದೆ. ಬರೆಯಬೇಕಾದ್ದು "ಮೈಲುತುತ್ತ 1 ಕೆಜಿ", ಅದರ ಕೆಳಗೆ "ನೀರು 50 ಲೀಟರ್". ಅಷ್ಟೇ.

ಸುಮ್ನಿರಪ್ಪ · 10:41

ಬಾಯಲ್ಲಿ ಹೇಳುತ್ತಿದ್ದೀರಲ್ಲ, ಅಕ್ಷರ ಯಾಕೆ ಬೇಕು? ರೇಡಿಯೊ ಕೇಳಿ ಕೃಷಿ ಮಾಡಿದ ಊರು ನಮ್ಮದು.

ಘಟ್ಟದ_ಮೇಲಿನವ · 10:50

ಪಂಪು ಓಡುತ್ತಿರುವಾಗ ಫೋನಿನ ಧ್ವನಿ ಕೇಳಬೇಕಲ್ಲ ಮಾರಾಯ್ರೇ. ಮದ್ದು ಹೊಡೆಯುವ ದಿನವೇ ಜನ ಇದನ್ನು ತೆಗೆದು ನೋಡುವುದು.

ಒತ್ತಕ್ಷರ · ಸೋಮವಾರ, ಬೆಳಿಗ್ಗೆ 6:15

ನಾನು ಪುಸ್ತಕದ ಪುಟ ಕಟ್ಟುವವನು. ವಿಡಿಯೊ ಗೊತ್ತಿಲ್ಲ. ಆದರೆ ನಿಮ್ಮ "ಸುತ್ತ ಕಪ್ಪು ಗೆರೆ" ಓದಿ ಸುಮ್ಮನಿರಲು ಆಗಲಿಲ್ಲ.

ಕನ್ನಡದಲ್ಲಿ ದ ಮತ್ತು ಧ ನಡುವೆ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು. ರ ಮತ್ತು ಠ ನಡುವೆ ಒಂದು ಚುಕ್ಕಿ. ಪ ಮತ್ತು ಷ ನಡುವೆ ಹೊಟ್ಟೆಯೊಳಗಿನ ಒಂದು ಗೆರೆ. ಚಿಕ್ಕ ಅಕ್ಷರಕ್ಕೆ ದಪ್ಪ ಗೆರೆ ಸುತ್ತಿದರೆ ಮೊದಲು ಮುಚ್ಚಿಹೋಗುವುದು ಇವೇ. "ದನ ಸಾಲ" ಮತ್ತು "ಧನ ಸಾಲ" ಒಂದೇ ಥರ ಕಂಡರೆ ಬ್ಯಾಂಕಿಗೆ ಹೋದವನ ಪಾಡೇನು?

ಗೆರೆ ಬೇಕೇ ಬೇಕು ಅಂದರೆ ಅದು ಅಕ್ಷರದ ಹಿಂದೆ ಇರಲಿ, ಮೇಲೆ ಬೇಡ. ಕೆಲವು ಸಾಫ್ಟ್‌ವೇರ್ ಗೆರೆಯನ್ನು ಅಂಚಿನ ನಟ್ಟನಡುವೆ ಎಳೆಯುತ್ತವೆ. ಅರ್ಧ ಹೊರಗೆ, ಅರ್ಧ ಒಳಗೆ. ಒಳಗಿನ ಅರ್ಧ ಅಕ್ಷರದ ಮೈಯನ್ನೇ ತಿನ್ನುತ್ತದೆ. ಲೈಟ್ ಫಾಂಟ್‌ನಲ್ಲಂತೂ ಉಳಿಯುವುದು ಎಲುಬು ಮಾತ್ರ.

ಇನ್ನೊಂದು. ಎರಡು ಸಾಲು ಬರೆದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು, ಏತ್ವಕ್ಕೆ ತಾಗುತ್ತದೆ. "ಮೈಲುತುತ್ತ"ದ ತ್ತ ಕೆಳಗೆ ಇಳಿಯುತ್ತದೆ, "ನೀರು"ವಿನ ಗುಡಿಸು ಮೇಲೆ ಏಳುತ್ತದೆ. ಸಾಲಿನ ಅಂತರ ಇಂಗ್ಲಿಷಿಗೆ ಇಟ್ಟಿರುವ 1.2 ಸಾಲದು. ಪುಸ್ತಕದಲ್ಲೇ ನಾನು 1.5 ಇಡುತ್ತೇನೆ. ಫೋನಿಗೆ 1.6 ಆದರೂ ಇರಲಿ.

ಹಳೇ_ಎಡಿಟರ್ · 8:02

ಗೆರೆ ಇಲ್ಲದೆ ಆಕಾಶದ ಮೇಲೆ ಬಿಳಿ ಅಕ್ಷರ ಹೇಗೆ ಕಾಣುತ್ತದೆ ಸ್ವಾಮಿ? ಪುಸ್ತಕದ ಹಿಂದೆ ಆಕಾಶ ಇರುವುದಿಲ್ಲ.

ಒತ್ತಕ್ಷರ · 8:10

ಅದು ನಿಜ. ಅದಕ್ಕೆ ಮದ್ದು ನನ್ನ ಹತ್ತಿರ ಇಲ್ಲ.

ಗ್ರಾಫಿಕ್ಸ್_ಗೌರಿ · ಮಧ್ಯಾಹ್ನ 1:20

ಅಕ್ಷರದ ಹಿಂದೆ ಕಪ್ಪು ಪಟ್ಟಿ ಹಾಕಿ. ಪೂರ್ತಿ ಕಪ್ಪು ಬೇಡ ಅಂದರೆ ಅರೆಪಾರದರ್ಶಕ. ಆದರೆ ಅದರಲ್ಲೂ ಜನ 30, 40 ಶೇಕಡಾ ಇಟ್ಟು ಬಿಟ್ಟುಬಿಡುತ್ತಾರೆ. ಯಾವಾಗಲೂ ಅತಿ ಕೆಟ್ಟ ದೃಶ್ಯ ಹಿಡಿದು ಲೆಕ್ಕ ಹಾಕಿ. ಇಲ್ಲಿ ಅದು ಸುಣ್ಣದ ನೀರು, ಪೂರ್ತಿ ಬಿಳಿ.

ಬಿಳಿಯ ಮೇಲೆ 50 ಶೇಕಡಾ ಕಪ್ಪು ಪಟ್ಟಿ ಹಾಕಿದರೆ ಸಿಗುವುದು ನಡುಬೂದು, `#808080`. ಅದರ ಮೇಲೆ ಬಿಳಿ ಅಕ್ಷರದ ಕಾಂಟ್ರಾಸ್ಟ್, ಅಂದರೆ ಎರಡರ ಬೆಳಕಿನ ಅನುಪಾತ, 3.95. ವೆಬ್‌ಪುಟಗಳಿಗೆ ಇರುವ ನಿಯಮದಲ್ಲಿ ಮಾಮೂಲಿ ಅಕ್ಷರಕ್ಕೆ 4.5 ಬೇಕು. ಸಾಲಲಿಲ್ಲ. 60 ಇಟ್ಟರೆ ಹಿನ್ನೆಲೆ `#666666` ಆಗುತ್ತದೆ, ಕಾಂಟ್ರಾಸ್ಟ್ 5.7. 70 ಇಟ್ಟರೆ 8.4. ನಾನು 70ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಯಾಕೆಂದರೆ ಆ 4.5 ಲೆಕ್ಕ ಅಲುಗಾಡದ ಪುಟಕ್ಕೆ ಮಾಡಿದ್ದು. ವಿಡಿಯೊದಲ್ಲಿ ಹಿನ್ನೆಲೆ ಓಡಾಡುತ್ತಿರುತ್ತದೆ.

ದೊಡ್ಡ ಅಕ್ಷರಕ್ಕೆ 3 ಸಾಕು ಅಂತಲೂ ಆ ನಿಯಮ ಹೇಳುತ್ತದೆ. ಅದನ್ನು ಹಿಡಿದು ವಾದ ಮಾಡುವವರಿದ್ದಾರೆ. ನಿಮ್ಮ ಟೈಮ್‌ಲೈನ್‌ನಲ್ಲಿ ದೊಡ್ಡದಾಗಿ ಕಂಡದ್ದು ಫೋನಿನಲ್ಲಿ ದೊಡ್ಡದಲ್ಲ. ಆ ರಿಯಾಯಿತಿ ತೆಗೆದುಕೊಳ್ಳಬೇಡಿ.

ಮಸ್ಕತ್_ಕನ್ನಡಿಗ · 3:45

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಕನ್ನಡ ಕೂಟದ ರಾಜ್ಯೋತ್ಸವದ ಆಹ್ವಾನ ವಿಡಿಯೊ ನಾನು ಮಾಡಿದ್ದು. ಕೆಂಪು ಹಿನ್ನೆಲೆ, ಹಳದಿ ಅಕ್ಷರ. ನಮ್ಮ ಬಾವುಟದ ಬಣ್ಣ ಅಲ್ವಾ. ಲ್ಯಾಪ್‌ಟಾಪ್‌ನಲ್ಲಿ ಮಿಂಚುತ್ತಿತ್ತು. ವಾಟ್ಸಾಪ್‌ನಲ್ಲಿ ಕಳಿಸಿದ ಮೇಲೆ ಅಕ್ಷರದ ಅಂಚೆಲ್ಲ ನೆನೆದ ಕಾಗದದ ಹಾಗೆ ಹರಡಿಕೊಂಡಿತು. ಸಮಯ 6:30 ಇದ್ದದ್ದನ್ನು 8:30 ಅಂತ ಓದಿಕೊಂಡು ನಾಲ್ಕು ಮನೆಯವರು ಊಟದ ಹೊತ್ತಿಗೆ ಬಂದರು. ಸೈಜು 90 ಇತ್ತು, ಬೋಲ್ಡ್ ಕೂಡ. ಏನು ತಪ್ಪಾಯಿತು?

ಸುಮ್ನಿರಪ್ಪ · 3:52

ಅವರು ಬೇಕಂತಲೇ ಊಟಕ್ಕೆ ಬಂದಿದ್ದಾರೆ. ಬಣ್ಣದ ಮೇಲೆ ಹಾಕಬೇಡಿ.

ಗ್ರಾಫಿಕ್ಸ್_ಗೌರಿ · 4:30

ಇದು ಒಳ್ಳೆ ಉದಾಹರಣೆ. ಶುದ್ಧ ಹಳದಿ `#FFFF00`, ಶುದ್ಧ ಕೆಂಪು `#FF0000` ಇಟ್ಟರೆ ಕಾಂಟ್ರಾಸ್ಟ್ 3.7 ಮಾತ್ರ. ಕಣ್ಣಿಗೆ ಬಣ್ಣ ಬೇರೆ ಬೇರೆ ಅಂತ ಜೋರಾಗಿ ಅನ್ನಿಸುತ್ತದೆ, ಆದರೆ ಬೆಳಕಿನ ವ್ಯತ್ಯಾಸ ಅಷ್ಟಿಲ್ಲ.

ಅದರ ಮೇಲೆ ಇನ್ನೊಂದು ಪೆಟ್ಟು. ಫೋನಿಗೆ ಬರುವ ಮಾಮೂಲಿ ವಿಡಿಯೊ ಫೈಲು ಬೆಳಕನ್ನು ಒಂದೊಂದು ಪಿಕ್ಸೆಲ್‌ಗೂ ಬರೆದಿಡುತ್ತದೆ. ಬಣ್ಣವನ್ನು ಹಾಗಲ್ಲ. ನಾಲ್ಕು ಪಿಕ್ಸೆಲ್‌ನ ಒಂದು ಚೌಕಕ್ಕೆ ಒಂದೇ ಬಣ್ಣ. ಹಾಗಾಗಿ ಬಣ್ಣದ ಅಂಚು ಯಾವಾಗಲೂ ಬೆಳಕಿನ ಅಂಚಿಗಿಂತ ಮಂಕು. ಕಪ್ಪು-ಬಿಳುಪು ಅಕ್ಷರ ಇದನ್ನು ತಡೆದುಕೊಳ್ಳುತ್ತದೆ, ಯಾಕೆಂದರೆ ಅಲ್ಲಿ ಅಂಚು ಕಟ್ಟುವುದು ಬೆಳಕೇ. ಕೆಂಪು-ಹಳದಿಯಲ್ಲಿ ಹೆಚ್ಚಿನ ಭಾರ ಬಣ್ಣದ ಮೇಲೆ ಬೀಳುತ್ತದೆ. ವಾಟ್ಸಾಪ್ ಮತ್ತೆ ಅದುಮಿ ಚಿಕ್ಕದು ಮಾಡಿದಾಗ ಹರಡಿಕೊಳ್ಳುವುದು ಅದಕ್ಕೇ.

ಬಾವುಟದ ಬಣ್ಣ ಬಿಡಬೇಕಾಗಿಲ್ಲ. ಕೆಂಪನ್ನು ಕುಂಕುಮ ಒಣಗಿದಂಥ ಗಾಢ ಬಣ್ಣಕ್ಕೆ ಇಳಿಸಿ, `#8B0000`. ಅದೇ ಹಳದಿ ಅದರ ಮೇಲೆ 9.3 ಬರುತ್ತದೆ. ಇಲ್ಲವೇ ಹಳದಿ ಹಿನ್ನೆಲೆ ಮಾಡಿ ಕಪ್ಪಿನಲ್ಲಿ ಬರೆಯಿರಿ. ಅದು 19 ದಾಟುತ್ತದೆ. ಕೆಂಪನ್ನು ಅಂಚಿಗೆ ಒಂದು ಪಟ್ಟಿಯಾಗಿ ಬಿಡಿ.

ಕಣ್ಣಿನಲ್ಲೇ ಪರೀಕ್ಷೆ ಮಾಡಬೇಕಾದರೆ ಫೋನಿನ ಪರದೆಯನ್ನು ಕಪ್ಪು-ಬಿಳುಪು ಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇರುತ್ತದೆ. ಅದನ್ನು ಹಾಕಿ ವಿಡಿಯೊ ನೋಡಿ. ಅಕ್ಷರ ಮಂಕಾದರೆ ನೀವು ಬಣ್ಣವನ್ನು ನಂಬಿಕೊಂಡಿದ್ದೀರಿ ಅಂತ ಅರ್ಥ.

ನಿವೃತ್ತ_ಮೇಷ್ಟ್ರು · 5:10

ನಾನು ನೋಡುವವರ ಕಡೆಯವನು. ವಯಸ್ಸು 67. ಮೂರು ಮಾತು.

ಅಕ್ಷರ ದೊಡ್ಡದು ಮಾಡಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆದುಬಿಡುತ್ತೀರಿ. ಕನ್ನಡಕ ಹುಡುಕುವಷ್ಟರಲ್ಲಿ ಸುಣ್ಣ ಹೋಗಿ ನೀರು ಬಂದಿರುತ್ತದೆ. ಬರೆದವರು ಅದನ್ನು ತಮ್ಮ ಬಾಯಲ್ಲಿ ನಿಧಾನಕ್ಕೆ ಎರಡು ಸಲ ಓದಿ, ಅಷ್ಟು ಹೊತ್ತು ಇಡಲಿ.

ಎರಡನೆಯದು, ಬಿಸಿಲಿನಲ್ಲಿ ಕಪ್ಪು ಪಟ್ಟಿ ಇದ್ದರೆ ನನಗೆ ನನ್ನ ಮುಖವೇ ಕಾಣುತ್ತದೆ.

ಮೂರನೆಯದು, ಕನ್ನಡ ವಿಡಿಯೊದಲ್ಲಿ ಕನ್ನಡ ಅಂಕಿ ಯಾಕಿಲ್ಲ?

ಗ್ರಾಫಿಕ್ಸ್_ಗೌರಿ · 6:05

ಮೇಷ್ಟ್ರೇ, ಬಿಸಿಲಿನ ಮಾತು ನಾನು ಮೊದಲೇ ಹೇಳಬೇಕಿತ್ತು. ಪಟ್ಟಿಯ ಲೆಕ್ಕ ನೆರಳಿನಲ್ಲಿ ಕೂತು ಹಾಕಿದ್ದು.

ಒಂದು ಊಹೆಯ ಲೆಕ್ಕ ನೋಡಿ. ಫೋನಿನ ಬಿಳಿಗೆ 500 ಪಾಲು ಬೆಳಕು ಅಂತ ಇಟ್ಟುಕೊಳ್ಳಿ, ಕಪ್ಪಿಗೆ ಸೊನ್ನೆ. ಬಯಲಿನ ಬೆಳಕು ಗಾಜಿಗೆ ಬಡಿದು 100 ಪಾಲು ವಾಪಸ್ ಬರುತ್ತದೆ. ಅದು ಎಲ್ಲದರ ಮೇಲೂ ಕೂರುತ್ತದೆ. ಬಿಳಿ 600, ಕಪ್ಪು 100. ನೆರಳಿನ ಲೆಕ್ಕದಲ್ಲಿ 21 ಇದ್ದ ಕಾಂಟ್ರಾಸ್ಟ್ 6ಕ್ಕೆ ಬಿತ್ತು. ಮಸ್ಕತ್‌ನವರ ಕೆಂಪು-ಹಳದಿ 3.7 ಇದ್ದದ್ದು 2.7 ಆಗುತ್ತದೆ. ಅಂದರೆ ಹೆಚ್ಚು ಕಾಂಟ್ರಾಸ್ಟ್ ಇದ್ದದ್ದು ಪೆಟ್ಟು ತಿಂದರೂ ನಿಲ್ಲುತ್ತದೆ, ಮೊದಲೇ ಅರೆಬರೆ ಇದ್ದದ್ದು ಮುಳುಗುತ್ತದೆ.

ಮುಖ ಕಾಣುವುದಕ್ಕೂ ಅದೇ ಕಾರಣ. ಪರದೆಯ ಕಪ್ಪು ಭಾಗ ಕನ್ನಡಿಯಾಗುತ್ತದೆ. ಬಿಳಿ ಭಾಗದಲ್ಲೂ ಪ್ರತಿಬಿಂಬ ಇರುತ್ತದೆ, ಆದರೆ ಪರದೆಯ ಬೆಳಕಿನಲ್ಲಿ ಕರಗುತ್ತದೆ. ತೋಟದಲ್ಲಿ ನೋಡುವ ವಿಡಿಯೊಗೆ ಬಿಳಿ ಅಥವಾ ಹಳದಿ ಪಟ್ಟಿ, ಕಪ್ಪು ಅಕ್ಷರ ಒಳ್ಳೆಯದು. ಘಟ್ಟದವರೇ, ನೀವು ಹಾಗೇ ಮಾಡಿ.

ಹಳೇ_ಎಡಿಟರ್ · 6:30

ರಾತ್ರಿ ಮಲಗಿ ನೋಡುವವನ ಕಣ್ಣಿಗೆ ಆ ಬಿಳಿ ಪಟ್ಟಿ ಟ್ಯೂಬ್‌ಲೈಟ್ ಹಾಕಿದ ಹಾಗೆ ಹೊಡೆಯುತ್ತದೆ. ನಾನು ಕಪ್ಪು ಪಟ್ಟಿಯ ಕಡೆಯೇ.

ಒತ್ತಕ್ಷರ · 6:48

ಕನ್ನಡ ಅಂಕಿ ನನಗೂ ಇಷ್ಟ. ಆದರೆ ಔಷಧದ ಅಳತೆಗೆ ಬೇಡ ಅನ್ನುತ್ತೇನೆ. ಕನ್ನಡದ ಸೊನ್ನೆಯೂ ಅನುಸ್ವಾರವೂ ಒಂದೇ ಆಕಾರ. ೬ ಮತ್ತು ೯ ಚಿಕ್ಕ ಪರದೆಯಲ್ಲಿ ಅದಲುಬದಲಾಗುತ್ತವೆ. ಈಗಿನವರು ೭ ನೋಡಿ ಒಂದು ಕ್ಷಣ ನಿಲ್ಲುತ್ತಾರೆ.

ನಿವೃತ್ತ_ಮೇಷ್ಟ್ರು · 6:55

ನಿಲ್ಲುತ್ತಾರೆ ಅಂತ ಬಿಟ್ಟರೆ ಮುಂದೆ ಗುರುತೇ ಹಿಡಿಯುವುದಿಲ್ಲ. 6 ಮತ್ತು 8 ಅದಲುಬದಲಾಗಿ ಮಸ್ಕತ್‌ನಲ್ಲಿ ಊಟ ಆಯಿತಲ್ಲ, ಅವು ಕನ್ನಡ ಅಂಕಿಯಾ?

ಒತ್ತಕ್ಷರ · 7:03

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮೇಷ್ಟ್ರೇ. ಆದರೂ ಮೈಲುತುತ್ತಕ್ಕೆ ನಾನು 1 ಅಂತಲೇ ಬರೆಯುತ್ತೇನೆ.

ಘಟ್ಟದ_ಮೇಲಿನವ · 8:15

ಸೈಜು, ಬಣ್ಣ ಅರ್ಥ ಆಯಿತು. ಅಂಚು ಎಷ್ಟು ಬಿಡಬೇಕು ಅನ್ನುವುದು ಹಾಗೇ ಉಳಿದಿದೆ. ಶೇಕಡಾ 10 ಸಾಕಾ, ಸಾಲದಾ?

ಗ್ರಾಫಿಕ್ಸ್_ಗೌರಿ · 9:00

ಆ ಶೇಕಡಾ 10 ಡಬ್ಬಾ ಟಿವಿ ಕಾಲದ್ದು. ಆ ಟಿವಿಗಳು ಚಿತ್ರದ ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡುತ್ತಿದ್ದವು. ಎಷ್ಟು ಮರೆಯಾಗುತ್ತದೆ ಅನ್ನುವುದು ಒಂದೊಂದು ಟಿವಿಯಲ್ಲಿ ಒಂದೊಂದು ಥರ. ಅದಕ್ಕೆ ನಾಲ್ಕೂ ಕಡೆ ಸಮ ಜಾಗ ಬಿಡುತ್ತಿದ್ದರು. ಫೋನಿನಲ್ಲಿ ಅಂಚು ಮರೆಯಾಗುವ ಕಾರಣವೇ ಬೇರೆ, ಮತ್ತು ಅದು ನಾಲ್ಕೂ ಕಡೆ ಸಮ ಇಲ್ಲ.

ಒಂದು ಕಾರಣ, ಆಪ್ ತನ್ನ ಸಾಮಾನನ್ನು ವಿಡಿಯೊ ಮೇಲೆ ಹರಡುತ್ತದೆ. ಕೆಳಗೆ ಹೆಸರು, ಶೀರ್ಷಿಕೆ. ಬಲಗಡೆ ಲೈಕ್, ಶೇರ್ ಗುಂಡಿಗಳು. ಮೇಲೆ ಹುಡುಕುವ ಗುರುತು. ನಿಮ್ಮ ಸುಣ್ಣದ ಸಾಲು ಹೋದದ್ದು ಅಲ್ಲಿ.

ಇನ್ನೊಂದು, ಈಗಿನ ಫೋನ್‌ಗಳು ವಿಡಿಯೊಗಿಂತ ಉದ್ದ. ವಿಡಿಯೊ 9:16, ಎಷ್ಟೋ ಫೋನಿನ ಪರದೆ 9:20. ಆಪ್ ಪೂರ್ತಿ ಪರದೆ ತುಂಬಿಸಲು ಹೋದರೆ ವಿಡಿಯೊ ಹಿಗ್ಗಿ ಎಡಬಲ ಕತ್ತರಿಸಿಹೋಗುತ್ತದೆ. ಲೆಕ್ಕ ಹಾಕಿದರೆ ಅಗಲದ ಶೇಕಡಾ 80 ಮಾತ್ರ ಉಳಿಯುತ್ತದೆ. ಪ್ರತಿ ಬದಿಗೆ 108 ಪಿಕ್ಸೆಲ್ ಹೋಯಿತು. ಅಡ್ಡ ವಿಡಿಯೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡುವವರಿಗೂ ಇದೇ ಆಗುತ್ತದೆ, ಆದರೆ ಅಲ್ಲಿ ಹೋಗುವುದು ಮೇಲೆ ಕೆಳಗೆ. ಹಳೇ ಎಡಿಟರ್ ಸಾರ್, ನಿಮ್ಮ ಶೇಕಡಾ 10ರ ಗೆರೆ ಅಲ್ಲಿ ಸರಿಯಾಗಿ ಪರದೆಯ ಅಂಚಿಗೇ ಬಂದು ನಿಲ್ಲುತ್ತದೆ. ಒಂದು ಪಿಕ್ಸೆಲ್ ಕೂಡ ಉಸಿರಾಡಲು ಜಾಗ ಇಲ್ಲ.

ಆಪ್‌ಗಳು ಗುಂಡಿಗಳ ಜಾಗ ಬದಲಿಸುತ್ತಲೇ ಇರುತ್ತವೆ. ಹಾಗಾಗಿ ಯಾರೋ ಹಂಚಿದ ಅಳತೆಯ ಚಿತ್ರ ನಂಬಬೇಡಿ. ನೀವೇ ಅಳೆಯಿರಿ. ಗೆರೆ ಎಳೆದ ಐದು ಸೆಕೆಂಡಿನ ವಿಡಿಯೊ ಸಾಕು. ಎಫ್‌ಎಫ್‌ಎಂಪೆಗ್ ಇದ್ದರೆ ಒಂದೇ ಸಾಲು:

```
ffmpeg -f lavfi -i color=c=gray:s=1080x1920:d=5 -vf "drawgrid=w=108:h=192:t=3:c=white" -pix_fmt yuv420p grid.mp4
```

ಇದು ಪರದೆಯನ್ನು ಹತ್ತು ಅಡ್ಡ, ಹತ್ತು ಉದ್ದ ಮನೆಗಳಾಗಿ ಭಾಗ ಮಾಡುತ್ತದೆ. ಬೇರೆಯವರಿಗೆ ಕಾಣದ ಹಾಗೆ ಅಪ್ಲೋಡ್ ಮಾಡಿ. ಚಿಕ್ಕಪ್ಪನ ಫೋನಿನಲ್ಲಿ ಓಡಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಶೀರ್ಷಿಕೆ ಎರಡು ಸಾಲು ಬರುವಷ್ಟು ಉದ್ದ ಕೊಡುವುದು ಮರೆಯಬೇಡಿ, ಇಲ್ಲದಿದ್ದರೆ ಕೆಳಗೆ ಜಾಗ ಇದೆ ಅಂತ ಮೋಸ ಹೋಗುತ್ತೀರಿ. ಆಮೇಲೆ ಯಾವ ಮನೆಗಳು ಖಾಲಿ ಉಳಿದಿವೆ ಅಂತ ಎಣಿಸಿ.

ಹಳೇ_ಎಡಿಟರ್ · 9:22

ಹಿಗ್ಗಿಸಿ ನೋಡುವ ಲೆಕ್ಕ ನಾನು ಹಾಕಿರಲಿಲ್ಲ. ಅದು ಸರಿ. ಪಟ್ಟಿಯ ಬಣ್ಣದಲ್ಲಿ ಮಾತ್ರ ಒಪ್ಪುವುದಿಲ್ಲ.

ಘಟ್ಟದ_ಮೇಲಿನವ · ಬುಧವಾರ, ರಾತ್ರಿ 9:35

ಎರಡು ದಿನ ಇದೇ ಕೆಲಸ ಆಯಿತು. ಮನೆಯಲ್ಲಿ ಮೂರು ಫೋನ್ ಹಿಡಿದು ಗೆರೆಯ ವಿಡಿಯೊ ಓಡಿಸಿದೆ. ಹತ್ತು ಮನೆಗಳಲ್ಲಿ ಕೆಳಗಿನ ಎರಡೂವರೆ ಮನೆ ಹೆಸರು, ಶೀರ್ಷಿಕೆಗೆ ಹೋಯಿತು. ಬಲಗಡೆ ಒಂದೂವರೆ ಮನೆ ಗುಂಡಿಗೆ. ಮೇಲೆ ಒಂದು ಮನೆ. ಎಡಕ್ಕೆ ಒಂದು ಬಿಟ್ಟೆ.

ಅಗಲದಲ್ಲಿ ನನಗೆ ಸಿಕ್ಕಿದ್ದು 800 ಪಿಕ್ಸೆಲ್ ಆಸುಪಾಸು. 80 ಸೈಜಿನಲ್ಲಿ ಒಂದು ಸಾಲಿಗೆ 12 ಅಕ್ಷರ ಹಿಡಿಯಿತು. ಲೈಟ್ ತೆಗೆದು ಸೆಮಿಬೋಲ್ಡ್ ಹಾಕಿದೆ. ಗೆರೆ ತೆಗೆದೆ. ಬಿಳಿ ಪಟ್ಟಿ, ಕಪ್ಪು ಅಕ್ಷರ, ಸಾಲಿನ ಅಂತರ 1.6. ಅಕ್ಷರವನ್ನು ಕೆಳಗಿನಿಂದ ಎತ್ತಿ ಪರದೆಯ ಮೇಲರ್ಧಕ್ಕೆ ತಂದೆ.

ಮಾತು ಇಳಿಸುವುದೇ ಕಷ್ಟ ಆಯಿತು. ಕತ್ತಿ ಅದ್ದಿ ನೋಡುವ ಪರೀಕ್ಷೆಯ ಸಾಲು ಮೊದಲು ಹೀಗಿತ್ತು: "ತಯಾರಾದ ದ್ರಾವಣದಲ್ಲಿ ಕಬ್ಬಿಣದ ಕತ್ತಿಯನ್ನು ಅದ್ದಿದಾಗ ಕೆಂಪು ಬಣ್ಣ ಬಂದರೆ ಇನ್ನಷ್ಟು ಸುಣ್ಣ ಸೇರಿಸಬೇಕಾಗುತ್ತದೆ". ಈಗ ಎರಡು ಪಟ್ಟಿ ಮಾಡಿದ್ದೇನೆ. ಕತ್ತಿ ಅದ್ದುವಾಗ "ಕತ್ತಿ ಕೆಂಪಾಯಿತಾ?" ಅಂತ. ಅದು ಹೋದ ಮೇಲೆ "ಸುಣ್ಣ ಇನ್ನೂ ಬೇಕು" ಅಂತ. ಅದ್ದುವುದು ದೃಶ್ಯದಲ್ಲೇ ಇದೆ.

ಒಂದು ಬೇಜಾರು. 240ಪಿ ಗುಣಮಟ್ಟದಲ್ಲಿ ಓಡಿಸಿ ನೋಡಿದೆ, ನಮ್ಮಲ್ಲಿ ನೆಟ್‌ವರ್ಕ್ ಬಿದ್ದಾಗ ಬರುವುದು ಅದೇ. "ಮೈಲುತುತ್ತ"ದ ಒತ್ತು ಆಗಲೂ ಓದಲು ಬಂತು. ಹಳೆಯ ಅಡ್ಡ ವಿಡಿಯೊವನ್ನು ಹಾಗೇ ನೋಡಿದರೆ ಒತ್ತಿರಲಿ, ಅಕ್ಷರವೇ ಇರಲಿಲ್ಲ. ಅಷ್ಟು ದಿನ ಅದನ್ನು ಎಷ್ಟು ಜನ ನೋಡಿದರೋ.

ಚಿಕ್ಕಪ್ಪ ಇವತ್ತು ಬೆಳಿಗ್ಗೆ ತೋಟದಲ್ಲಿ ನೋಡಿದರು. ಮೈಲುತುತ್ತ, ನೀರು, ಸುಣ್ಣ ಮೂರನ್ನೂ ಕನ್ನಡಕ ಇಲ್ಲದೆ ಓದಿದರು. ಆದರೆ ಅವರ ಫೋನಿನಲ್ಲಿ ಶೀರ್ಷಿಕೆ ಮಾತ್ರ ನನ್ನ ಫೋನಿಗಿಂತ ಬಹಳ ಮೇಲಕ್ಕೆ ಬಂದಿತ್ತು. ನನ್ನದರಲ್ಲಿ ಎರಡೂವರೆ ಮನೆ, ಅವರದ್ದರಲ್ಲಿ ಹತ್ತಿರ ಹತ್ತಿರ ಮೂರೂವರೆ. ಅದೇ ಆಪ್, ಅದೇ ವಿಡಿಯೊ. ಯಾಕೆ ಅಂತ ತಿಳಿಯಲಿಲ್ಲ.

ಮೊಬೈಲ್_ಮಂಜ · 9:41

ಫಾಂಟ್ ಸೈಜ್ ದೊಡ್ಡದು ಮಾಡಿಟ್ಟಿದ್ದಾರೆ ಅಂತ ನೀವೇ ಹೇಳಿದಿರಲ್ಲ ಸಾರ್. ವಿಡಿಯೊ ಒಳಗಿನ ಅಕ್ಷರ ಬೆಳೆಯುವುದಿಲ್ಲ, ಸರಿ. ಆಪ್ ಬರೆಯುವ ಶೀರ್ಷಿಕೆ ಬೆಳೆಯುತ್ತದೆ. ಬೆಳೆದು ನಿಮ್ಮ ಅಕ್ಷರದ ಮೇಲೆ ಬರುತ್ತದೆ.

ಗ್ರಾಫಿಕ್ಸ್_ಗೌರಿ · 9:50

ಮಂಜಣ್ಣ, ಇದನ್ನು ನಾನು ಒಂದು ಸಲವೂ ಯೋಚನೆ ಮಾಡಿರಲಿಲ್ಲ. ನಾನು ಅಳೆದದ್ದೆಲ್ಲ ಮಾಮೂಲಿ ಫಾಂಟ್ ಸೈಜಿನ ಫೋನಿನಲ್ಲಿ. ದೊಡ್ಡ ಅಕ್ಷರ ಬೇಕಾದವರ ಫೋನಿನಲ್ಲೇ ಜಾಗ ಕಡಿಮೆ. ನಾಳೆ ಫಾಂಟನ್ನು ಕೊನೆಯವರೆಗೆ ಎಳೆದು ಮತ್ತೆ ಗೆರೆಯ ವಿಡಿಯೊ ಓಡಿಸುತ್ತೇನೆ.

ಮೊಬೈಲ್_ಮಂಜ · 9:52

ಡಿಸ್‌ಪ್ಲೇ ಸೈಜ್ ಅಂತ ಪಕ್ಕದಲ್ಲೇ ಇನ್ನೊಂದು ಇರುತ್ತದೆ ಮೇಡಂ. ಅದನ್ನೂ ಎಳೆದು ನೋಡಿ. ಅದು ಗುಂಡಿಗಳನ್ನೂ ದಪ್ಪ ಮಾಡುತ್ತದೆ.